ಆಫೀಸರ್‌ನ ತಪ್ಪು ಕನ್ನಡ ತೆಗೆದರೆ ನಗು ಎಲ್ಲಿಂದ ಬರಬೇಕು?

ಪ್ರಶ್ನೆ: ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಆರು ನಿಮಿಷದ ಕಿರುಪ್ರಹಸನ ಬರೆದಿದ್ದೇನೆ. ವಿಲೇಜ್ ಆಫೀಸಿಗೆ ಹೊಸದಾಗಿ ಬಂದ ಮಲಯಾಳಿ ಆಫೀಸರ್, ವರಮಾನ ಸರ್ಟಿಫಿಕೆಟಿಗೆ ಹೋದ ನಮ್ಮೂರ ಕೃಷಿಕ. ಆಫೀಸರ್ ತಪ್ಪು ತಪ್ಪು ಕನ್ನಡ ಮಾತಾಡುವುದೇ ತಮಾಷೆ. ರಿಹರ್ಸಲ್‌ನಲ್ಲಿ ಮೊದಲೆರಡು ಡೈಲಾಗಿಗೆ ನಕ್ಕರು, ಆಮೇಲೆ ಎಲ್ಲ ತಣ್ಣಗಾಯಿತು. ತಂಡದಲ್ಲೇ ಒಬ್ಬರು ‘ಇದು ಬೇಡ, ಮಲಯಾಳಿಗಳೂ ಎದುರು ಕೂತಿರುತ್ತಾರೆ’ ಅಂದರು. ಅದನ್ನು ತೆಗೆದರೆ ನಗು ಎಲ್ಲಿಂದ ತರಲಿ? ಪಂಚ್ ಎಲ್ಲಿ, ಹೇಗೆ ಇಡಬೇಕು?
— ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ. ಮೂರನೇ ಡೈಲಾಗಿಗೆ ನಗು ನಿಂತದ್ದಕ್ಕೂ, ಆ ಒಬ್ಬರಿಗೆ ಕಸಿವಿಸಿ ಆದದ್ದಕ್ಕೂ ಕಾರಣ, ನಿಮ್ಮ ಸ್ಕ್ರಿಪ್ಟಿನಲ್ಲಿ ಸೆಟಪ್, ಅಂದರೆ ಪಂಚ್‌ಗೆ ಮೊದಲೇ ಹಾಕಿಡುವ ತಳಪಾಯ, ಇಲ್ಲ. ‘ತೆಂಕಿನಿಂದ ಬಂದವರಿಗೆ ಕನ್ನಡ ಬರಲ್ಲ’ ಎಂಬ ಮಾತು ಜನರ ತಲೆಯಲ್ಲಿ ಮೊದಲೇ ಇದೆ. ನೀವು ಅದನ್ನೇ ಸೆಟಪ್ ಮಾಡಿಕೊಂಡಿದ್ದೀರಿ. ನೀವಾಗಿ ಏನನ್ನೂ ಕಟ್ಟಿಲ್ಲ. ಹೀಗೆ ಸಾಲ ತಂದ ಸೆಟಪ್‌ನಿಂದ ಒಂದೆರಡು ಸಲ ನಗು ಹುಟ್ಟುತ್ತದೆ. ಮೂರನೇ ಸಲಕ್ಕೆ ಪ್ರೇಕ್ಷಕರು ನಿಮಗಿಂತ ಮುಂದಿರುತ್ತಾರೆ. ಆಫೀಸರ್ ಬಾಯಿ ತೆರೆಯುವ ಮೊದಲೇ ‘ಈಗ ತಪ್ಪು ಹೇಳುತ್ತಾರೆ’ ಎಂದು ಅವರಿಗೆ ಗೊತ್ತಿರುತ್ತದೆ. ಮೊದಲೇ ಗೊತ್ತಿದ್ದದ್ದಕ್ಕೆ ಯಾರೂ ನಗುವುದಿಲ್ಲ.

ಸಮುದಾಯವನ್ನು ಹಿಡಿದು ಮಾಡುವ ತಮಾಷೆಗಳೆಲ್ಲ ಹೀಗೆಯೇ. ಇಂಥವರು ಜಿಪುಣರು, ಇಂಥವರು ಪೆದ್ದರು ಎಂಬ ಹಳೆಯ ಮಾತನ್ನು ಬರೆಯುವವರು ತಾವೇ ಸ್ಥಾಪಿಸುವುದಿಲ್ಲ, ಜನರ ಮೇಲೆ ಬಿಟ್ಟುಬಿಡುತ್ತಾರೆ. ಆದ್ದರಿಂದ ‘ನೋವಾಗುವ ಭಾಗ ತೆಗೆದರೆ ಏನು ಉಳಿಯುತ್ತದೆ’ ಎಂದು ಹೆದರಬೇಡಿ. ತೆಗೆದರೆ ಸೆಟಪ್ ಕಟ್ಟಲೇಬೇಕಾಗುತ್ತದೆ. ಅದನ್ನು ಕಟ್ಟಿದರೆ ಈಗಿನದ್ದಕ್ಕಿಂತ ಜಾಸ್ತಿ ನಗು ಬರುತ್ತದೆ.

ಆಫೀಸು, ಆಫೀಸರ್, ಕೃಷಿಕ, ಭಾಷೆಯ ಗೊಂದಲ ಎಲ್ಲವೂ ಇರಲಿ. ಕಾಸರಗೋಡಿನಲ್ಲಿ ಕೂತು ಭಾಷೆಯ ಗೊಂದಲದ ಬಗ್ಗೆ ಬರೆಯಬೇಡಿ ಎಂದರೆ ಮಳೆಗಾಲದ ಬಗ್ಗೆ ಬರೆಯಬೇಡಿ ಎಂದ ಹಾಗೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಆಫೀಸಿನ ಕಾಗದದಲ್ಲಿ ಮತ್ತೊಂದು. ಇದು ನಮ್ಮ ದಿನನಿತ್ಯದ ಸಂಗತಿ. ಬದಲಾಗಬೇಕಾದದ್ದು ನಗುವಿನ ಜಾಗ. ಒಬ್ಬರ ಬಾಯಿಯಿಂದ ಅದನ್ನು ತೆಗೆದು ಇಬ್ಬರ ನಡುವೆ ಇಡೋಣ.

ನಿಮ್ಮ ಕಥೆಯನ್ನೇ ಹೀಗೆ ತಿರುಗಿಸಿ ನೋಡಿ. ಕೃಷಿಕನ ಹೆಸರು ನಾರಾಯಣಣ್ಣ ಎಂದಿಟ್ಟುಕೊಳ್ಳೋಣ. ಓದಿದ್ದು ಕನ್ನಡ ಶಾಲೆ, ಮನೆಮಾತು ತುಳು, ಮಲಯಾಳ ಅಷ್ಟಕ್ಕಷ್ಟೆ. ಮಗಳ ಸ್ಕಾಲರ್‌ಶಿಪ್ಪಿಗೆ ವರಮಾನ ಸರ್ಟಿಫಿಕೆಟ್ ಬೇಕು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ಆಗಿದೆ, ವಿಲೇಜ್ ಆಫೀಸಿನಿಂದ ಬರಹೇಳಿದ್ದಾರೆ. ಆಫೀಸರ್ ಹೊಸದುರ್ಗ ಕಡೆಯ ತುಳು ಮನೆಯವರು, ಆದರೆ ಓದಿದ್ದೆಲ್ಲ ಮಲಯಾಳ ಮಾಧ್ಯಮದಲ್ಲಿ. ಕನ್ನಡ ಈಗಷ್ಟೇ ಕಲಿಯುತ್ತಿದ್ದಾರೆ. ಇವರ ಮನೆಮಾತು ತುಳು ಎನ್ನುವುದು ನಿಮಗೆ ಮಾತ್ರ ಗೊತ್ತು. ನಾರಾಯಣಣ್ಣನಿಗೂ ಗೊತ್ತಿಲ್ಲ, ಪ್ರೇಕ್ಷಕರಿಗೂ ಗೊತ್ತಿಲ್ಲ.

ಮೊದಲ ದೃಶ್ಯ ಆಫೀಸಿನ ಹೊರಗೆ, ಅಪ್ಪ ಮತ್ತು ಮಗಳು.

ಮಗಳು: ಅಪ್ಪ, ಹೊಸ ಆಫೀಸರ್ ತಿರುವನಂತಪುರ ಕಡೆಯವರಂತೆ. ಕನ್ನಡ ಒಂದಕ್ಷರ ಬರಲ್ಲವಂತೆ. ನಾನು ಹೇಳಿಕೊಟ್ಟದ್ದು ಇನ್ನೊಮ್ಮೆ ಹೇಳಿ.
ನಾರಾಯಣಣ್ಣ: ಎನಿಕ್ ವರುಮಾನ ಸರ್ಟಿಫಿಕೆಟ್ ವೇಣಂ.
ಮಗಳು: ಸರಿ. ನನಗೆ ಕ್ಲಾಸಿಗೆ ಹೊತ್ತಾಯಿತು. ವಣಸ್‌ದ ಪೊರ್ತುಗು ಬಲೆ, ಅಮ್ಮ ಕಾಯ್ತಾ ಇರ್ತಾರೆ.
ನಾರಾಯಣಣ್ಣ: ಬರ್ಪೆ, ಬರ್ಪೆ.

ಇಷ್ಟೇ. ನಲವತ್ತು ಸೆಕೆಂಡಿನ ಕೆಲಸ. ಇದರಲ್ಲಿ ಪ್ರೇಕ್ಷಕರ ಕೈಗೆ ನಾಲ್ಕು ಸಂಗತಿ ಕೊಟ್ಟಾಯಿತು. ಆಫೀಸರ್ ತೆಂಕಿನವರು ಎಂದು ಅವರು ನಂಬಿದರು. ನಾರಾಯಣಣ್ಣನಿಗೆ ಮಲಯಾಳದ ಒಂದೇ ವಾಕ್ಯ ಬರುತ್ತದೆ. ಮನೆಯಲ್ಲಿ ತುಳುವೂ ನಡೆಯುತ್ತದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಬೇಕು. ಕೊನೆಯ ಎರಡು ಸಂಗತಿಗಳ ಮೇಲೆಯೇ ಪಂಚ್ ನಿಲ್ಲುತ್ತದೆ. ಆದರೆ ಅವು ಮುಖ್ಯ ಎಂದು ಈಗ ಯಾರಿಗೂ ಅನ್ನಿಸುವುದಿಲ್ಲ, ಯಾಕೆಂದರೆ ಅವಕ್ಕೆ ಬೇರೆ ಕೆಲಸ ಇದೆ. ಹೊರಡುವ ಮಗಳು ಅಪ್ಪನಿಗೆ ಊಟಕ್ಕೆ ಬನ್ನಿ ಅನ್ನುವುದು ಸಹಜ. ಅದನ್ನು ಮನೆಮಾತಿನಲ್ಲಿ ಹೇಳುವುದೂ ಸಹಜ.

ದಿಕ್ಕು ತಪ್ಪಿಸುವುದು ಎಂದರೆ ಇದೇ. ತುಂಬಾ ಜನ ಅದನ್ನು ಮುಚ್ಚಿಡುವುದು ಎಂದುಕೊಳ್ಳುತ್ತಾರೆ. ಮುಚ್ಚಿಟ್ಟದ್ದನ್ನು ಕೊನೆಯಲ್ಲಿ ಹೊರಗೆಳೆದರೆ ಪ್ರೇಕ್ಷಕರಿಗೆ ಮೋಸವಾದ ಹಾಗೆ ಅನ್ನಿಸುತ್ತದೆ, ನಗು ಬರಲ್ಲ. ಸಂಗತಿಯನ್ನು ಕಣ್ಣೆದುರೇ ಇಡಬೇಕು, ಆದರೆ ಅದು ಅಲ್ಲಿರುವುದಕ್ಕೆ ಇನ್ನೊಂದು ಕಾರಣ ಕೊಡಬೇಕು. ಕೊನೆಗೆ ಅವರು ‘ಅಯ್ಯೋ, ಇದನ್ನು ಮೊದಲೇ ಹೇಳಿದ್ದರಲ್ಲ’ ಅನ್ನಬೇಕು. ಮಗಳ ‘ಅಂತೆ’ಯನ್ನೂ ಗಮನಿಸಿ. ಅವಳು ಸುಳ್ಳು ಹೇಳಿಲ್ಲ, ಕೇಳಿದ್ದನ್ನು ಹೇಳಿದಳು. ನಂಬಿದ್ದು ನಾವು. ಊರಿನವರ ತಲೆಯಲ್ಲಿರುವ ಅದೇ ಹಳೆಯ ಮಾತು ಇಲ್ಲಿಯೂ ಕೆಲಸಕ್ಕೆ ಬಂತು, ಆದರೆ ಈ ಸಲ ಅದು ಅವರನ್ನೇ ತಪ್ಪು ದಾರಿಗೆ ಕರೆದುಕೊಂಡು ಹೋಯಿತು. ನಿಮ್ಮ ಈಗಿನ ಸ್ಕ್ರಿಪ್ಟ್ ಆ ಮಾತನ್ನು ಸರಿ ಅನ್ನುತ್ತದೆ. ಹೊಸದು ಅದೇ ಮಾತನ್ನು ತಪ್ಪು ಮಾಡುತ್ತದೆ.

ಎರಡನೇ ದೃಶ್ಯ ಆಫೀಸಿನ ಒಳಗೆ. ಆಫೀಸರ್ ಒಂದು ಪುಟ್ಟ ಪುಸ್ತಕ ಹಿಡಿದು ಕನ್ನಡದ ಲೆಕ್ಕ ಬಾಯಿಪಾಠ ಮಾಡುತ್ತಿದ್ದಾರೆ: ‘ಎರಡು, ಎರಡೂವರೆ, ಮೂರು, ಮೂರೂವರೆ…’ ನಾರಾಯಣಣ್ಣ ಬಾಗಿಲಲ್ಲಿ ಕಂಡ ಕೂಡಲೆ ಪುಸ್ತಕ ಡ್ರಾಯರಿಗೆ ಸೇರುತ್ತದೆ. ಒಳ್ಳೆಯ ಮನುಷ್ಯ, ಪಾಪ, ಕಲಿಯುತ್ತಿದ್ದಾರೆ ಎಂದು ಪ್ರೇಕ್ಷಕರಿಗೆ ಪ್ರೀತಿ ಹುಟ್ಟುತ್ತದೆ. ಅವರಿಗೆ ‘ಊವರೆ’ ಅರ್ಥವಾಗುತ್ತದೆ ಎಂಬ ಸಂಗತಿಯೂ ಅದರ ಜೊತೆಯಲ್ಲೇ ಒಳಗೆ ಬಂತು.

ನಾರಾಯಣಣ್ಣ ಬಾಯಿಪಾಠದ ವಾಕ್ಯ ಹೇಳುತ್ತಾರೆ. ಆಫೀಸರ್‌ಗೆ ಖುಷಿ. ಇವರಿಗೆ ಮಲಯಾಳ ಬರುತ್ತದೆ ಎಂದುಕೊಂಡು ಗಡಗಡನೆ ಮಲಯಾಳದಲ್ಲಿ ಶುರು ಮಾಡುತ್ತಾರೆ. ನಾರಾಯಣಣ್ಣ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಆಫೀಸರ್‌ಗೆ ಅನುಮಾನ ಬಂದು ತಾವು ಕಲಿತ ಕನ್ನಡ ತೆಗೆಯುತ್ತಾರೆ: ‘ದಯವಿಟ್ಟು ಕುಳಿತುಕೊಳ್ಳಿ.’ ಅಚ್ಚುಕಟ್ಟಾದ ಕನ್ನಡ, ಒಂದು ತಪ್ಪೂ ಇಲ್ಲ. ಈಗ ನಾರಾಯಣಣ್ಣನಿಗೆ ಖುಷಿ. ಅಡಿಕೆಯ ಕೊಳೆರೋಗ, ಮಂಗನ ಕಾಟ, ತೋಟದ ಪಂಪು ಕೆಟ್ಟದ್ದು ಎಲ್ಲವನ್ನೂ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳುತ್ತಾರೆ. ಈಗ ತಲೆಯಾಡಿಸುವ ಸರದಿ ಆಫೀಸರ್‌ದು.

ಇಲ್ಲಿ ಇಬ್ಬರೂ ಮಾಡಿದ್ದು ಒಂದೇ ತಪ್ಪು. ಇಬ್ಬರೂ ಮಾಡಿದ್ದು ಮರ್ಯಾದೆಗಾಗಿ. ಒಬ್ಬ ಪಾತ್ರಕ್ಕೆ ಏನೋ ಜೋರಾಗಿ ಬೇಕಾಗಿರುತ್ತದೆ, ಅದಕ್ಕಾಗಿ ಪಡುವ ಪಾಡೇ ಅದನ್ನು ದೂರ ತಳ್ಳುತ್ತದೆ. ನಗು ಹುಟ್ಟುವುದು ಆ ಪಾಡಿನಿಂದ. ಅವರ ಜಾತಿ, ಭಾಷೆ, ಊರು ಯಾವುದೇ ಇರಲಿ.

ಇನ್ನು ಮಧ್ಯದ ದೊಡ್ಡ ನಗು. ಆಫೀಸರ್ ಕಾಗದ ಎಳೆದುಕೊಂಡು, ತಲೆ ಬಗ್ಗಿಸಿ, ಬರೆಯಲು ತೊಡಗುತ್ತಾರೆ.

ಆಫೀಸರ್: ಪೇರ್?
ನಾರಾಯಣಣ್ಣ: (ಅಂದಾಜು ಮಾಡಿ) ನಾರಾಯಣ.
ಆಫೀಸರ್: ವಯಸ್ಸ್?
ನಾರಾಯಣಣ್ಣ: ಅರುವತ್ತೆರಡು.
ಆಫೀಸರ್: ಎತ್ರ?
(ನಾರಾಯಣಣ್ಣ ಎದ್ದು ನೆಟ್ಟಗೆ ನಿಲ್ಲುತ್ತಾರೆ. ತಲೆಯ ಮೇಲೆ ಕೈ ಇಟ್ಟು ಅಳೆಯುತ್ತಾರೆ.)
ನಾರಾಯಣಣ್ಣ: ಐದೂವರೆ.
ಆಫೀಸರ್: (ಬೆಚ್ಚಿ, ತಲೆ ಎತ್ತದೆ) ಐದೂವರೆ?
ನಾರಾಯಣಣ್ಣ: ಮೊದಲು ಆರು ಇತ್ತು.
(ಆಫೀಸರ್ ಗೌರವದಿಂದ ಬರೆಯುತ್ತಾರೆ.)
ಆಫೀಸರ್: ಅಂಜರ ಲಕ್ಷಂ.

‘ಎಷ್ಟು’ ಎಂದು ಕೇಳಿದವರೂ ಸರಿಯಾಗಿಯೇ ಕೇಳಿದರು, ‘ಎತ್ತರ’ ಎಂದು ತಿಳಿದವರೂ ತಮ್ಮ ಭಾಷೆಯಲ್ಲಿ ಸರಿಯಾಗಿಯೇ ತಿಳಿದರು. ಗಡಿಯಲ್ಲಿ ಬದುಕುವ ನಮಗೆ ಮಾತ್ರ ಎರಡೂ ಒಟ್ಟಿಗೆ ಕೇಳಿಸುತ್ತದೆ. ಸಭೆಯಲ್ಲಿ ಮಲಯಾಳಿಗಳು ಕೂತಿದ್ದರೆ ಅವರು ಕನ್ನಡಿಗರಿಗಿಂತ ಅರ್ಧ ಸೆಕೆಂಡ್ ಮೊದಲೇ ನಗುತ್ತಾರೆ.

ಈ ಸಾಲುಗಳಲ್ಲಿ ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ. ‘ಎತ್ರ’ ಬರುವ ಮೊದಲು ಹೆಸರು, ವಯಸ್ಸು ಬರಲೇಬೇಕು. ಹೆಸರು, ವಯಸ್ಸು ಆದ ಮೇಲೆ ಎತ್ತರ ಕೇಳುವುದು ನಂಬುವಂಥದ್ದು. ಆಫೀಸರ್ ‘ವರುಮಾನಂ ಎತ್ರ’ ಎಂದು ಪೂರ್ತಿ ಕೇಳಿದರೆ ಎಲ್ಲ ಕೆಟ್ಟಿತು. ಆ ಪದವನ್ನು ನಾರಾಯಣಣ್ಣ ಹೊರಗೆ ಬಾಯಿಪಾಠ ಮಾಡಿದ್ದಾರೆ, ಅವರಿಗೆ ಅರ್ಥವಾಗಿಬಿಡುತ್ತದೆ. ಹಾಗೆಯೇ ನಾರಾಯಣಣ್ಣ ‘ಐದೂವರೆ ಅಡಿ’ ಅನ್ನಬಾರದು. ಅಡಿ ಎನ್ನುವುದು ಮಲಯಾಳದಲ್ಲೂ ಅಡಿಯೇ. ಆಫೀಸರ್ ತಲೆ ಎತ್ತಬಾರದು, ಎತ್ತಿದರೆ ಅಳೆಯುವ ಕೈ ಕಾಣುತ್ತದೆ. ಇಂಥ ಒಂದೊಂದು ಕಿಂಡಿಯನ್ನೂ ಮುಚ್ಚಿದ ಮೇಲೆಯೇ ದೃಶ್ಯ ನಿಲ್ಲುವುದು. ಪ್ರೇಕ್ಷಕರ ಮನಸ್ಸಿನಲ್ಲಿ ‘ಅವರಿಗೆ ಗೊತ್ತಾಗಬೇಕಿತ್ತಲ್ಲ’ ಎಂಬ ಪ್ರಶ್ನೆ ಎದ್ದರೆ, ಅದರ ಹಿಂದೆಯೇ ಬರುವ ಪಂಚ್ ಬಿದ್ದುಹೋಗುತ್ತದೆ.

ಈಗ ಟೈಮಿಂಗ್. ನಾರಾಯಣಣ್ಣ ಎದ್ದು ನಿಂತಾಗಲೇ ಮೊದಲ ನಗು ಬರುತ್ತದೆ. ಅಲ್ಲಿ ನಟರು ಕಾಯಬೇಕು. ನಗು ಏರಿ, ಇಳಿಯಲು ಶುರುವಾದಾಗ ‘ಐದೂವರೆ’ ಬರಬೇಕು. ಪೂರ್ತಿ ನಿಂತ ಮೇಲೆ ಹೇಳಿದರೆ ತಡವಾಯಿತು, ಏರುವಾಗಲೇ ಹೇಳಿದರೆ ಮಾತು ಕೇಳಿಸುವುದಿಲ್ಲ. ಊರಿನ ನಾಟಕಗಳಲ್ಲಿ ಜಾಸ್ತಿ ಆಗುವ ತಪ್ಪು ಎರಡನೆಯದು. ನಕ್ಕರಲ್ಲ ಎಂಬ ಉತ್ಸಾಹಕ್ಕೆ ನಟ ಮುಂದಿನ ಮಾತನ್ನು ಓಡಿಸಿಬಿಡುತ್ತಾನೆ. ಪ್ರೇಕ್ಷಕರು ಮುಂದಿನದು ತಪ್ಪಿಹೋಗಬಾರದು ಎಂದು ತಾವೇ ನಗು ನುಂಗಲು ಕಲಿಯುತ್ತಾರೆ. ಮೊದಲ ಎರಡು ನಗುವಿನ ಮೇಲೆ ಮಾತಾಡಿದಿರಿ ಎಂದರೆ ಮೂರನೆಯದ್ದಕ್ಕೆ ಸಭೆ ಸುಮ್ನೆ ಕೂರುತ್ತದೆ. ನಿಮ್ಮ ರಿಹರ್ಸಲ್‌ನಲ್ಲಿಯೂ ಇದು ಸ್ವಲ್ಪ ಆಗಿರಬಹುದು.

‘ಮೊದಲು ಆರು ಇತ್ತು’ ಎಂಬುದಕ್ಕೆ ಮಾತ್ರ ಕಾಯುವುದು ಬೇಡ. ಆಫೀಸರ್‌ನ ‘ಐದೂವರೆ?’ ಮುಗಿದ ಕೂಡಲೆ, ಒಂಚೂರು ಬೇಸರದಲ್ಲಿ, ತಟ್ಟನೆ ಬರಬೇಕು. ಅದು ಹಿಂದಿನ ನಗುವಿನ ಬೆನ್ನ ಮೇಲೆ ಏರುವ ಮಾತು. ‘ಅಂಜರ ಲಕ್ಷಂ’ ಮತ್ತೆ ನಿಧಾನ, ಬರೆಯುತ್ತಾ ಬರೆಯುತ್ತಾ, ತನಗೆ ತಾನೇ ಹೇಳಿಕೊಂಡ ಹಾಗೆ. ಮಗಳ ಸ್ಕಾಲರ್‌ಶಿಪ್ ಹೋಯಿತು ಎಂದು ಸಭೆಗೆಲ್ಲ ಗೊತ್ತಾಗುತ್ತದೆ, ನಾರಾಯಣಣ್ಣ ಮಾತ್ರ ಕೈಮುಗಿದು ಕೂರುತ್ತಾರೆ. ಆ ಕೈಮುಗಿಯುವುದನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ.

ಕನ್ನಡದಲ್ಲಿ ಪಂಚ್ ಬರೆಯುವವರಿಗೆ ಒಂದು ವಿಶೇಷ ತೊಂದರೆ ಇದೆ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಹಾಗಾಗಿ ಬೆಚ್ಚಿಬೀಳಿಸುವ ಪದ ನಡುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದರ ಹಿಂದೆ ‘ಅಂತ ಕಾಣುತ್ತದೆ ಸರ್’, ‘ಅಂತ ಹೇಳಿದರು’ ಎಂಬ ಬಾಲ ಬರುತ್ತದೆ. ‘ಸರ್, ಅರ್ಜಿಯಲ್ಲಿ ಮಗಳ ಫೋಟೋ ಬದಲು ದನದ ಫೋಟೋ ಅಂಟಿಸಿದ್ದಾರೆ ಅಂತ ಕಾಣುತ್ತದೆ’ ಎಂದು ಬರೆದರೆ, ದನ ಬಂದಾಗ ನಗಲು ಹೊರಟವರು ಬಾಲ ಮುಗಿಯುವ ತನಕ ಕಾಯಬೇಕು. ಅಷ್ಟರಲ್ಲಿ ನಗು ಆರುತ್ತದೆ. ವಾಕ್ಯ ಒಡೆಯಿರಿ: ‘ಸರ್, ಇಲ್ಲಿ ಮಗಳ ಫೋಟೋ ಇರಬೇಕಿತ್ತು. ಇರುವುದು ದನದ್ದು.’ ನಾವು ಮಾತಾಡುವಾಗ ಹೀಗೆಯೇ ಮಾತಾಡುತ್ತೇವೆ, ಬರೆಯಲು ಕೂತಾಗ ಮಾತ್ರ ವ್ಯಾಕರಣದ ಸಾಲಿಗೆ ಹೋಗುತ್ತೇವೆ. ನಿಮ್ಮ ಸ್ಕ್ರಿಪ್ಟಿನ ಪ್ರತಿ ಪಂಚ್ ಸಾಲಿನಲ್ಲಿ ನಗು ಹುಟ್ಟಿಸುವ ಪದಕ್ಕೆ ಗೆರೆ ಎಳೆಯಿರಿ. ಅದರ ನಂತರ ಉಳಿದ ಪದಗಳನ್ನು ಮುಂದಕ್ಕೆ ತನ್ನಿ, ಇಲ್ಲವೇ ಕಿತ್ತುಹಾಕಿ.

ಇನ್ನು ಕೊನೆ. ಸರ್ಟಿಫಿಕೆಟ್ ತಪ್ಪಾಗಿದೆ ಎಂದು ನಾರಾಯಣಣ್ಣನಿಗೆ ಕಾಗದ ನೋಡಿದಾಗ ತಿಳಿಯುತ್ತದೆ, ಅಂಕಿ ಎಲ್ಲ ಭಾಷೆಯಲ್ಲೂ ಅಂಕಿಯೇ. ಕೈಸನ್ನೆಯಲ್ಲಿ ಇಬ್ಬರ ಒದ್ದಾಟ ಒಂದು ನಿಮಿಷ ನಡೆಯಲಿ. ಗೋಡೆಯ ಗಡಿಯಾರ ಎರಡು ಗಂಟೆ ದಾಟಿದೆ. ಇಬ್ಬರೂ ಸೋತು, ಮುಖ ಮುಖ ನೋಡಿ, ಸುಮ್ಮನಾಗುತ್ತಾರೆ. ಆಫೀಸರ್‌ನ ಫೋನ್ ರಿಂಗಾಗುತ್ತದೆ.

ಆಫೀಸರ್: ಹಲೋ… ಅಮ್ಮಾ…
(ನಿಲುಗಡೆ)
ಆಫೀಸರ್: ವಣಸ್ ಆಂಡಾ?
(ನಾರಾಯಣಣ್ಣ ನಿಧಾನವಾಗಿ ತಲೆ ಎತ್ತುತ್ತಾರೆ. ಉದ್ದದ ನಿಲುಗಡೆ.)
ನಾರಾಯಣಣ್ಣ: ಆತಿಜಿ.

‘ಅಮ್ಮಾ’ ಎಂಬುದು ಮೂರೂ ಭಾಷೆಗೆ ಸಲ್ಲುತ್ತದೆ, ಆದ್ದರಿಂದ ಅಲ್ಲಿಯ ತನಕ ಗುಟ್ಟು ಒಡೆಯುವುದಿಲ್ಲ. ಆಫೀಸರ್ ಊಟ ಆಯಿತಾ ಎಂದು ತುಳುವಿನಲ್ಲಿ ಕೇಳಿದಾಗ ಸಭೆಯಲ್ಲಿ ಒಂದು ಅಲೆ ಬರುತ್ತದೆ. ಅದನ್ನು ಪಂಚ್ ಎಂದು ತಿಳಿದು ಅಲ್ಲೇ ನಿಲ್ಲಿಸಬೇಡಿ, ಅದು ತಿರುವು ಮಾತ್ರ. ಪಂಚ್ ‘ಆತಿಜಿ’, ಇನ್ನೂ ಆಗಿಲ್ಲ. ತಾಯಿಗೆ ಕೇಳಿದ ಪ್ರಶ್ನೆಗೆ ಬೆಳಿಗ್ಗೆಯಿಂದ ಹಸಿದು ಕೂತವರು ಉತ್ತರ ಕೊಡುತ್ತಾರೆ. ಮಗಳು ಊಟದ ಹೊತ್ತಿಗೆ ಬನ್ನಿ ಅಂದದ್ದು ಎಲ್ಲರಿಗೂ ನೆನಪಾಗುತ್ತದೆ. ಒಂದೇ ಪದ, ಅದರ ಹಿಂದೆ ಏನೂ ಇಲ್ಲ. ನಟರಿಗೆ ಇಲ್ಲಿ ತಡೆಯಲಾಗುವುದಿಲ್ಲ. ‘ಆತಿಜಿ ಮಾರಾಯ್ರೆ, ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೇನೆ, ನೀವು ತುಳುವರಾ?’ ಎಂದು ಸೇರಿಸುತ್ತಾರೆ. ಸೇರಿಸಿದರೆ ಪಂಚ್ ಸತ್ತಿತು. ಪ್ರೇಕ್ಷಕರು ತಾವೇ ಜೋಡಿಸಿಕೊಂಡ ಸಂತೋಷವನ್ನು ಅವರಿಂದ ಕಿತ್ತುಕೊಂಡ ಹಾಗಾಗುತ್ತದೆ.

‘ಆತಿಜಿ’ಗೆ ಮೊದಲಿನ ನಿಲುಗಡೆ ಎಷ್ಟಿರಬೇಕು? ಸೆಕೆಂಡ್ ಲೆಕ್ಕ ಹಾಕಿಸಬೇಡಿ, ನಟ ಮನಸ್ಸಿನಲ್ಲಿ ಮೂರು ಹೆಜ್ಜೆ ಮಾಡಿಕೊಳ್ಳಲಿ. ಮೊದಲು ಕೇಳಿದ್ದನ್ನು ನಂಬದೆ ಇರುವುದು, ಆಮೇಲೆ ನಂಬುವುದು, ಆಮೇಲೆ ಹಸಿವು ನೆನಪಾಗುವುದು. ಈ ಮೂರೂ ಮುಖದ ಮೇಲೆ ಬಂದುಹೋಗಲಿ. ಅಷ್ಟು ಹೊತ್ತೇ ಸರಿಯಾದ ಹೊತ್ತು. ತೆಂಕುತಿಟ್ಟಿನ ಒಳ್ಳೆಯ ಹಾಸ್ಯಗಾರರನ್ನು ನೋಡಿದ್ದೀರಲ್ಲ? ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಅವರು ಮೊದಲು ಭಾಗವತರ ಕಡೆ ತಿರುಗುತ್ತಾರೆ, ಆಮೇಲೆ ಸಭೆಯ ಕಡೆ, ಕೊನೆಗೆ ಮಾತು. ಆ ತಿರುಗುವ ಹೊತ್ತಿನಲ್ಲೇ ಅರ್ಧ ನಗು ತಯಾರಾಗಿರುತ್ತದೆ.

ಈ ಕೊನೆಗೆ ಒಂದು ಮಿತಿ ಇದೆ. ಬದಿಯಡ್ಕ, ಕುಂಬಳೆ, ಮಂಜೇಶ್ವರದಲ್ಲಿ ವಣಸ್ ಗೊತ್ತಿಲ್ಲದವರು ಕಡಿಮೆ. ಮನೆಯಲ್ಲಿ ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುವವರೂ ಕಿವಿಯಲ್ಲಿ ಅದನ್ನು ಕೇಳಿಯೇ ಬೆಳೆದಿರುತ್ತಾರೆ. ಇದೇ ಪ್ರಹಸನವನ್ನು ಬೆಂಗಳೂರಿನಲ್ಲಿ ಆಡಿದರೆ ಬೀಳುತ್ತದೆ. ಪಂಚ್‌ನ ಸಮಯದಲ್ಲಿ ಪ್ರೇಕ್ಷಕರಿಗೆ ಹೊಸದಾಗಿ ಏನನ್ನೂ ಕಲಿಸಲು ಆಗುವುದಿಲ್ಲ.

ರಿಹರ್ಸಲ್‌ನಲ್ಲಿ ನಗು ನಿಂತುಹೋಯಿತು ಎಂದಿರಿ. ತಂಡದವರು ಹತ್ತು ಸಲ ಕೇಳಿದ್ದಕ್ಕೆ ನಗುವುದಿಲ್ಲ, ಅವರನ್ನು ಅಳತೆ ಮಾಡಿಕೊಳ್ಳಬೇಡಿ. ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಓದಿ. ಫೋನ್ ರಿಂಗಾದಲ್ಲಿ ನಿಲ್ಲಿಸಿ ಕೇಳಿ: ‘ಈಗ ಏನಾಗಬಹುದು?’ ಅವರು ಧೈರ್ಯವಾಗಿ ತಪ್ಪು ಹೇಳಿದರೆ, ‘ಮಗಳ ಫೋನು, ಅವಳು ಬಂದು ಬಿಡಿಸುತ್ತಾಳೆ’ ಎಂಬ ಹಾಗೆ, ನಿಮ್ಮ ಕೆಲಸ ಸರಿಯಾಗಿದೆ. ‘ಗೊತ್ತಿಲ್ಲಪ್ಪ’ ಎಂದರೆ ಸೆಟಪ್ ಸಡಿಲ, ಅವರು ಏನನ್ನೂ ನಿರೀಕ್ಷಿಸುತ್ತಿಲ್ಲ. ನಿರೀಕ್ಷೆಯೇ ಇಲ್ಲದಿದ್ದರೆ ತಪ್ಪಿಸುವುದು ಯಾವುದನ್ನು? ‘ಆಫೀಸರ್ ತುಳು ಅಲ್ವಾ’ ಎಂದರೆ ಎಲ್ಲೋ ಗುಟ್ಟು ಸೋರಿದೆ. ಅದು ಹೆಚ್ಚಾಗಿ ಮಗಳ ತುಳು ಮಾತನ್ನು ನಟಿ ಒತ್ತಿ ಹೇಳಿದ್ದರಿಂದ ಆಗುತ್ತದೆ. ಆ ಸಾಲನ್ನು ಅವಳು ಚೀಲ ಹೆಗಲಿಗೇರಿಸಿಕೊಂಡು, ಅರ್ಧ ತಿರುಗಿ, ಹೋಗುತ್ತಾ ಹೇಳಲಿ.

ಸಮುದಾಯಕ್ಕೆ ನೋವಾಗುತ್ತದೆಯೋ ಎಂದು ನೋಡಲೂ ಒಂದು ದಾರಿ ಇದೆ. ಪಾತ್ರದ ಮೇಲಿನ ಚೀಟಿ ಬದಲಾಯಿಸಿ. ಮಲಯಾಳಿ ಆಫೀಸರ್ ಜಾಗದಲ್ಲಿ ಧಾರವಾಡದ ಆಫೀಸರ್, ಕೃಷಿಕನ ಜಾಗದಲ್ಲಿ ಬ್ಯಾರಿ ವ್ಯಾಪಾರಿ ಎಂದಿಟ್ಟು ನೋಡಿ. ಪದಗಳು ಬದಲಾಗಬೇಕಾದೀತು, ಆದರೆ ಇಬ್ಬರು ಮರ್ಯಾದಸ್ಥರು ಒಬ್ಬರಿಗೊಬ್ಬರು ಸಹಾಯ ಮಾಡಲು ಹೋಗಿ ಕೆಡಿಸಿಕೊಳ್ಳುವ ಕಥೆ ಉಳಿಯುತ್ತದೆ. ಚೀಟಿ ತೆಗೆದ ಕೂಡಲೆ ತಮಾಷೆ ಸತ್ತರೆ, ಆ ತಮಾಷೆ ಇದ್ದದ್ದೇ ಚೀಟಿಯಲ್ಲಿ.

ಆಡುಮಾತಿನ ಬಗ್ಗೆ ಇನ್ನೊಂದು ಮಾತು. ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ ಲಹರಿಯ ಕನ್ನಡ ಯಾವುದೂ ರಂಗದ ಮೇಲೆ ಬರಬಾರದು ಎಂದಲ್ಲ. ಎಲ್ಲ ಪಾತ್ರಗಳೂ ತಮ್ಮ ತಮ್ಮ ರೀತಿಯಲ್ಲಿ ಮಾತಾಡಿದರೆ ಅದು ಊರು. ಉಳಿದವರೆಲ್ಲ ಪುಸ್ತಕದ ಕನ್ನಡ ಮಾತಾಡಿ ಒಬ್ಬರಿಗೆ ಮಾತ್ರ ಆಡುಮಾತು ಕೊಟ್ಟರೆ, ಅವರನ್ನು ನಗೆಪಾಟಲಿಗೆ ನಿಲ್ಲಿಸಿದ ಹಾಗೆ. ಆಫೀಸರ್‌ನ ಮಲಯಾಳವನ್ನು ಮಲಯಾಳ ಮನೆಯವರೊಬ್ಬರ ಹತ್ತಿರ ಓದಿಸಿ. ‘ನಿಮಗೆ ಬೇಸರ ಇಲ್ವಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ‘ಒಬ್ಬ ಆಫೀಸರ್ ಇದನ್ನು ಹೇಗೆ ಹೇಳ್ತಾರೆ’ ಎಂದು ಕೇಳಿ. ಸರಿಯಾದ ಮಾತೂ ಸಿಗುತ್ತದೆ, ಎಲ್ಲಿ ಚುಚ್ಚುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಎರಡು ವಿಷಯಕ್ಕೆ ನಾನು ಪರೀಕ್ಷೆಯನ್ನೂ ಮಾಡುವುದಿಲ್ಲ, ನೇರವಾಗಿ ಬಿಡಿ ಎನ್ನುತ್ತೇನೆ. ಒಂದು, ದೈವದ ಆವೇಶವನ್ನು, ನುಡಿಯನ್ನು ಅನುಕರಿಸಿ ನಗಿಸುವುದು. ಅದು ನಂಬಿದವರ ಆರಾಧನೆ, ವೇಷದ ಆಟವಲ್ಲ. ಇನ್ನೊಂದು, ತೊದಲು, ಕುಂಟು, ಬುದ್ಧಿ ಬೆಳವಣಿಗೆಯ ಕೊರತೆ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆ ಗೇರುತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಊರುಗಳಿವೆ. ಅಲ್ಲಿಯ ಮನೆಗಳಲ್ಲಿ ಏನಾಗಿದೆ ಎಂದು ನಿಮಗೂ ಗೊತ್ತು. ಆ ಮಕ್ಕಳ ತಾಯಂದಿರು ನಿಮ್ಮ ಸಭೆಯಲ್ಲಿ ಕೂತಿರುತ್ತಾರೆ. ಎದುರಿನ ಸಾಲಿನಲ್ಲಿ ಒಬ್ಬ ತಾಯಿ ತಲೆ ತಗ್ಗಿಸುವಂತೆ ಮಾಡಿ ಪಡೆದ ನಗು ನಮಗೆ ಬೇಡ.

ಕೊನೆಯದಾಗಿ ರಂಗದ ಕೆಲಸ. ಆರು ನಿಮಿಷ ಕೊಟ್ಟಿದ್ದಾರೆ ಎಂದರೆ ಐದು ನಿಮಿಷಕ್ಕೆ ಬರೆಯಿರಿ. ಉಳಿದದ್ದು ನಗುವಿಗೆ ಬೇಕು. ಕ್ಲಬ್ಬಿನ ವೇದಿಕೆಯಲ್ಲಿ ಮೇಲಿನಿಂದ ತೂಗುಬಿಟ್ಟ ಎರಡೋ ಮೂರೋ ಮೈಕ್ ಇರುತ್ತದೆ. ‘ಆತಿಜಿ’ಯನ್ನು ಮೆಲ್ಲಗೆ ಹೇಳಬೇಕಾದ್ದರಿಂದ ನಾರಾಯಣಣ್ಣನ ಕುರ್ಚಿ ಮೈಕಿನ ಸರಿ ಕೆಳಗೆ ಇರಲಿ, ಆಫೀಸರ್‌ನ ಮೇಜನ್ನು ಅದಕ್ಕೆ ತಕ್ಕ ಹಾಗೆ ಜರುಗಿಸಿ. ‘ಆತಿಜಿ’ಯ ನಗು ಇಳಿಯತೊಡಗಿದಾಗ ಆಫೀಸರ್ ಒಂದೇ ಒಂದು ಕೆಲಸ ಮಾಡಲಿ: ಐದೂವರೆ ಲಕ್ಷದ ಕಾಗದವನ್ನು ಮೈಕಿನ ಹತ್ತಿರ ಹಿಡಿದು ಹರಿಯಲಿ. ಮಾತು ಬೇಡ, ಮಗಳ ಚಿಂತೆಗೆ ಅದೇ ಉತ್ತರ. ಲೈಟಿನವರಿಗೂ ಸ್ಕ್ರಿಪ್ಟಿನ ಒಂದು ಪ್ರತಿ ಕೊಡಿ. ಹರಿದ ಸದ್ದು ಕೇಳಿದ ಕೂಡಲೆ ಅವರು ಲೈಟ್ ಆರಿಸಬೇಕು, ಚಪ್ಪಾಳೆಗೆ ಕಾಯಬಾರದು.